ಸರಕು ವಾಪಸಾತಿ ಅಣಕು ಕಾರ್ಯಾಚರಣೆಯ ವರದಿ: ಬ್ಯಾಡಗಿ ಮೆಣಸು, ಲಾಟ್ ಮೆ-14

ಸ್ಥಳ: ಮಸಾಲೆ ಪುಡಿ ಘಟಕ, ಬೈಕಂಪಾಡಿ, ಮಂಗಳೂರು
ದಿನಾಂಕ: 16-07-2025, ಆರಂಭ ಬೆಳಿಗ್ಗೆ 10.00
ಗುರಿ: 4 ಗಂಟೆಯೊಳಗೆ ಪೂರ್ತಿ ಲೆಕ್ಕ
ಬರೆದವರು: ಗುಣಮಟ್ಟ ವಿಭಾಗದ ಮುಖ್ಯಸ್ಥರು

ಈ ಲಾಟಿನ ಮೆಣಸಿನಲ್ಲಿ ಸೂಡಾನ್ ಬಣ್ಣ ಪತ್ತೆಯಾಗಿದೆ ಎಂದು ಕಲ್ಪಿಸಿಕೊಂಡೆವು. ಆಹಾರದಲ್ಲಿ ಈ ಬಣ್ಣಕ್ಕೆ ಅನುಮತಿಯೇ ಇಲ್ಲ. ಸುಳ್ಳು ಸುದ್ದಿ ಹಬ್ಬಬಾರದೆಂದು ಪ್ರತಿ ಕರೆಯ ಮೊದಲಿಗೂ ಕೊನೆಗೂ ‘ಇದು ಅಣಕು ಕಾರ್ಯಾಚರಣೆ’ ಎಂದು ತಿಳಿಸಿದೆವು.

ಹಿಂದಕ್ಕೆ: ಮಾಲು ಬಂದರು ಪ್ರದೇಶದ ಸಗಟು ವ್ಯಾಪಾರಿಯದು, 40 ಕಿಲೋದ 10 ಚೀಲ, ಒಟ್ಟು 400 ಕಿಲೋ. ಬಿಲ್ಲು 12 ನಿಮಿಷದಲ್ಲಿ ಸಿಕ್ಕಿತು. ಆದರೆ ವ್ಯಾಪಾರಿ ತಮ್ಮ ಖಾತೆ ತೆಗೆದು ನೋಡಿದಾಗ, 6 ಚೀಲ ಬ್ಯಾಡಗಿ ಮಾರುಕಟ್ಟೆಯ ಒಬ್ಬ ದಲ್ಲಾಳಿಯಿಂದ, 4 ಚೀಲ ಇನ್ನೊಬ್ಬರಿಂದ ಬಂದಿದ್ದವು. ನಾವು ಎರಡಕ್ಕೂ ಒಂದೇ ನಂಬರು ಕೊಟ್ಟಿದ್ದೇವೆ. ಚೀಲದ ಚೀಟಿಗಳಲ್ಲಿ ವ್ಯತ್ಯಾಸ ಇದ್ದಿರಬೇಕು. ಉಗ್ರಾಣದಲ್ಲಿ ಉಳಿದ ಚೀಲದ ಚೀಟಿಯನ್ನು ನೋಡಿದೆ, ಮಳೆನೀರು ತಾಗಿ ಶಾಯಿ ನೀಲಿ ಕಲೆಯಾಗಿತ್ತು, ಒಂದಕ್ಷರವೂ ಓದಲಾಗಲಿಲ್ಲ.

ಮುಂದಕ್ಕೆ: ಮೆಣಸಿನ ಪುಡಿಗೆ 150 ಕಿಲೋ, ಸಾಂಬಾರು ಪುಡಿಗೆ 110, ರಸಂ ಪುಡಿಗೆ 60 ಹೋಗಿದೆ. ತೊಟ್ಟು, ಕಸ 22, ಹುರಿದಾಗ ಆರಿದ್ದು 18, ಉಳಿಕೆ 36. ಮೆಣಸಿನ ಪುಡಿಯ 200 ಗ್ರಾಂ ಪೊಟ್ಟಣ 750: ಉಡುಪಿಗೆ 300, ಪುತ್ತೂರಿಗೆ 180, ಕುಂದಾಪುರಕ್ಕೆ 150, ಗೋದಾಮಿನಲ್ಲಿ 120. ಸಾಂಬಾರು ಪುಡಿಯ 88 ಚೀಲ ಮಂಗಳೂರು, ಮಣಿಪಾಲದ 11 ಹೋಟೆಲುಗಳಿಗೆ ಹೋಗಿದ್ದು, ಅದರಲ್ಲಿ 61 ಆಗಲೇ ಖರ್ಚಾಗಿವೆ. ರಸಂ ಪುಡಿ ಇನ್ನೂ ಇಲ್ಲಿಯೇ ಇದೆ. ಕುಂದಾಪುರದ ವಿತರಕರ ಮೊಬೈಲ್ ನಂಬರು ಬದಲಾಗಿತ್ತು. ಪಾರ್ಸೆಲ್ ಒಯ್ಯುವ ಬಸ್ಸಿನ ಕಂಡಕ್ಟರರ ಮೂಲಕ ಅವರನ್ನು ಹಿಡಿಯಲು 50 ನಿಮಿಷ ಬೇಕಾಯಿತು.

1.25ಕ್ಕೆ 396 ಕಿಲೋ ಲೆಕ್ಕಕ್ಕೆ ಸಿಕ್ಕಿತು, ಅಂದರೆ ಶೇ. 99. ಇಲ್ಲಿಗೆ ಮುಗಿಸೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಆರಿದ ತೂಕ, ಕಸ ಎಲ್ಲವನ್ನೂ ತೂಗಿ ಬರೆದಿರುವಾಗ 4 ಕಿಲೋ ಮೆಣಸು ಗಾಳಿಗೆ ಹೋಗುವುದಿಲ್ಲ.

ಹುರಿಯುವ ವಿಭಾಗದ ಹಿರಿಯಕ್ಕ ನೆನಪಿಸಿಕೊಂಡು ಹೇಳಿದರು: ಕೋಳಿ ಮಸಾಲೆಯ ಹೊಸ ಹದ ನೋಡಲು ಆ ಮೆಣಸನ್ನು ತೆಗೆದಿದ್ದರು. ಅದು ಪುಸ್ತಕಕ್ಕೆ ಏರಿಲ್ಲ. ಅದರಿಂದಾದ 100 ಪೊಟ್ಟಣಗಳು ಬ್ಯಾಚ್ ನಂಬರೇ ಇಲ್ಲದೆ ಮಲ್ಪೆ, ಸಂತೆಕಟ್ಟೆಯ ಮೂರು ಅಂಗಡಿಗಳಿಗೆ ರುಚಿ ನೋಡಲು ಹೋಗಿವೆ. ಸಂಜೆ 4.10ರ ಹೊತ್ತಿಗೆ 73 ಪತ್ತೆಯಾದವು. ಉಳಿದ 27 ಯಾರ ಅಡುಗೆಮನೆಯಲ್ಲಿವೆ ಎಂದು ಅಂಗಡಿಯವರಿಗೂ ಗೊತ್ತಿಲ್ಲ.

ಫಲಿತಾಂಶ: ಅನುತ್ತೀರ್ಣ. ನಿಜವಾದ ಪ್ರಸಂಗವಾಗಿದ್ದರೆ ಆ 27 ಮನೆಗಳಿಗೆ ನಾವು ಏನನ್ನೂ ತಿಳಿಸಲು ಆಗುತ್ತಿರಲಿಲ್ಲ.

ನಾಳೆಯಿಂದ ದಲ್ಲಾಳಿಗೊಂದು ಲಾಟ್ ನಂಬರು. ಚೀಟಿಗೆ ಪ್ಲಾಸ್ಟಿಕ್ ಹೊದಿಕೆ. ಪ್ರಯೋಗದ ಮಾಲೂ ಪುಸ್ತಕಕ್ಕೆ ಏರಬೇಕು, ನಂಬರು ಒತ್ತದ ಪೊಟ್ಟಣ ಗೇಟು ದಾಟಬಾರದು. ವಿತರಕರ ನಂಬರುಗಳನ್ನು ಪ್ರತಿ ತಿಂಗಳ 1ರಂದು ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಮುಂದಿನ ಅಣಕು ಕಾರ್ಯಾಚರಣೆ ಆಗಸ್ಟ್ 20ರಂದು, ರಾತ್ರಿ ಪಾಳಿಯಲ್ಲಿ.