ಹಳೆಯ ವಿದ್ಯಾರ್ಥಿಗಳ ಸಂಘ: ಕಾರ್ಯಕಾರಿ ಸಮಿತಿ ಸಭೆಯ ನಡಾವಳಿ

ದಿನಾಂಕ: 9 ಆಗಸ್ಟ್ 2026, ಭಾನುವಾರ
ಸಮಯ: ಬೆಳಿಗ್ಗೆ 10.30ರಿಂದ ಮಧ್ಯಾಹ್ನ 1.15
ಸ್ಥಳ: ಶಾಲೆಯ ಗ್ರಂಥಾಲಯ ಕೊಠಡಿ
ಹಾಜರಿ: 15 ಸದಸ್ಯರಲ್ಲಿ 11 ಮಂದಿ. ಕೋರಂಗೆ 8 ಸಾಕು. ಮುಖ್ಯೋಪಾಧ್ಯಾಯರು ವಿಶೇಷ ಆಹ್ವಾನದ ಮೇಲೆ ಬಂದಿದ್ದರು. ಅಧ್ಯಕ್ಷರು ಪ್ರಯಾಣದಲ್ಲಿದ್ದ ಕಾರಣ ಉಪಾಧ್ಯಕ್ಷರು ಸಭೆ ನಡೆಸಿದರು.

1. ಹಿಂದಿನ ನಡಾವಳಿ

ಓದಿ ಒಪ್ಪಲಾಯಿತು. ಒಂದೇ ತಿದ್ದುಪಡಿ: 2004ರ ಬ್ಯಾಚಿನ ಪ್ರತಿನಿಧಿ ಹಿಂದಿನ ಸಭೆಗೆ ಬಂದಿದ್ದರು, ಹಾಜರಿಯಲ್ಲಿ ಅವರ ಹೆಸರು ಬಿಟ್ಟುಹೋಗಿತ್ತು. ತಪ್ಪು ನನ್ನದೇ.

2. ಲೆಕ್ಕ

ಬ್ಯಾಂಕಿನಲ್ಲಿ ಈಗ 86,400 ರೂ. ಇದೆ. ಇದರಲ್ಲಿ 60,000 ರೂ. ವಿದ್ಯಾರ್ಥಿವೇತನಕ್ಕೆಂದೇ ದಾನಿಗಳು ಕೊಟ್ಟದ್ದು. ಸಂಘದ ಸಾಮಾನ್ಯ ಖರ್ಚಿಗೆ ಉಳಿಯುವುದು 26,400 ರೂ. ಮಾತ್ರ. ಎರಡೂ ಒಂದೇ ಖಾತೆಯಲ್ಲಿರುವುದರಿಂದ ಪಾಸ್‌ಬುಕ್ ನೋಡಿದವರಿಗೆ ಹಣ ಜಾಸ್ತಿ ಇದೆ ಅನ್ನಿಸುತ್ತದೆ ಎಂದು ಖಜಾಂಚಿ ಎಚ್ಚರಿಸಿದರು.

ಸಮ್ಮಿಲನಕ್ಕೆ ಸದ್ಯ ಈ ಹಣವನ್ನೇ ಬಳಸಿ, ಆಮೇಲೆ ತುಂಬಿಸೋಣ ಎಂದು ಒಬ್ಬರು ಸಲಹೆ ಕೊಟ್ಟರು. 1987ರ ಬ್ಯಾಚಿನ ಪ್ರತಿನಿಧಿ ಖಡಾಖಂಡಿತವಾಗಿ ವಿರೋಧಿಸಿದರು: "ಮಕ್ಕಳ ಫೀಸಿಗೆ ಅಂತ ಇಸಿದುಕೊಂಡ ದುಡ್ಡಲ್ಲಿ ನಾವು ಊಟ ಮಾಡೋದು ಬೇಡ."

ತೀರ್ಮಾನ: ವಿದ್ಯಾರ್ಥಿವೇತನಕ್ಕೆ ಪ್ರತ್ಯೇಕ ಖಾತೆ ತೆರೆಯುವುದು. ಸಮ್ಮಿಲನದಲ್ಲಿ ಉಳಿದ ಹಣ ಆ ಖಾತೆಗೆ ಹೋಗಬಹುದು, ಅಲ್ಲಿಂದ ಸಮ್ಮಿಲನಕ್ಕೆ ಬರುವಂತಿಲ್ಲ. ಹಣ ತೆಗೆಯಲು ಖಜಾಂಚಿ ಮತ್ತು ಕಾರ್ಯದರ್ಶಿ ಇಬ್ಬರ ಸಹಿಯೂ ಬೇಕು. (10 ಮಂದಿ ಪರ. ಸಲಹೆ ಕೊಟ್ಟವರು ತಟಸ್ಥ.)

3. ಸಮ್ಮಿಲನ

27 ಡಿಸೆಂಬರ್ 2026, ಭಾನುವಾರ, ಬೆಳಿಗ್ಗೆ 9.30ರಿಂದ ಸಂಜೆ 5, ಶಾಲೆಯ ಆವರಣದಲ್ಲೇ. ಹೊರಗಿನ ಸಭಾಂಗಣ ಬೇಕೆಂದವರು ಇಬ್ಬರು. ತಾವು ಕೂತ ಬೆಂಚು ನೋಡೋಕೆ ತಾನೇ ಜನ ಬರೋದು ಎಂದು ಉಪಾಧ್ಯಕ್ಷರು ಹೇಳಿದ ಮೇಲೆ ಆ ಚರ್ಚೆ ಮುಗಿಯಿತು.

ನೋಂದಣಿ ಶುಲ್ಕ ತಲಾ 700 ರೂ. ಹತ್ತು ವರ್ಷದೊಳಗಿನ ಮಕ್ಕಳಿಗೆ, ಶಿಕ್ಷಕರಿಗೆ ಮತ್ತು ಶಾಲೆಯ ಸಿಬ್ಬಂದಿಗೆ ಶುಲ್ಕವಿಲ್ಲ. ಶುಲ್ಕ ಕೊಡುವವರು 200, ಕೊಡದವರು 40 ಎಂದು ಅಂದಾಜಿಸಿ ಖಜಾಂಚಿ ಮಂಡಿಸಿದ ಆಯವ್ಯಯ:

ಆದಾಯ: 200 × 700 = 1,40,000 ರೂ.

ಊಟ, ತಿಂಡಿ, ನೀರು (240 × 320): 76,800
ಶಾಮಿಯಾನ, ಕುರ್ಚಿ, ಮೇಜು: 18,000
ಮೈಕ್ ಸೆಟ್: 7,000
ಗುರುವಂದನೆ (25 × 500): 12,500
ಫೋಟೋ, ವಿಡಿಯೋ: 12,000
ಬ್ಯಾನರ್, ಬ್ಯಾಡ್ಜ್, ಕೂಪನ್: 5,200
ಸ್ವಚ್ಛತೆ, ವಿದ್ಯುತ್: 4,000
ಆಕಸ್ಮಿಕ: 4,500
ಒಟ್ಟು: 1,40,000 ರೂ.

ಫೋಟೋ, ವಿಡಿಯೋಗೆ ಮೊದಲು 30,000 ರೂ. ಇತ್ತು. ಡ್ರೋನ್ ಬೇಡ ಅಂದ ಕೂಡಲೇ 12,000ಕ್ಕೆ ಇಳಿಯಿತು.

ಬರುವವರು ಕಡಿಮೆಯಾದರೆ ಏನು ಗತಿ ಎಂದು ಕೇಳಿದಾಗ ಖಜಾಂಚಿ ಅಲ್ಲೇ ಲೆಕ್ಕ ಹಾಕಿದರು. ಎಷ್ಟೇ ಜನ ಬರಲಿ, ಶಾಮಿಯಾನ, ಮೈಕ್ ಇತ್ಯಾದಿಗೆ 58,700 ರೂ. ಆಗೇ ಆಗುತ್ತದೆ. ಆಕಸ್ಮಿಕ ಬಿಟ್ಟು ನೋಡಿದರೆ, ಕನಿಷ್ಠ 189 ಮಂದಿ ಶುಲ್ಕ ಕಟ್ಟಿದರೆ ಮಾತ್ರ ಕೈಯಿಂದ ಹಾಕಬೇಕಾಗಿಲ್ಲ. 160 ಮಂದಿಯಾದರೆ 10,700 ರೂ. ಕೊರತೆ. ಅದನ್ನು ಸಾಮಾನ್ಯ ನಿಧಿ ತಡೆದುಕೊಳ್ಳುತ್ತದೆ, ಅದಕ್ಕಿಂತ ಕೆಳಗಿಳಿದರೆ ಕಷ್ಟ.

ತೀರ್ಮಾನ: ನೋಂದಣಿಗೆ ಕೊನೆಯ ದಿನ ನವೆಂಬರ್ 30. ಅಂದು ಸಂಖ್ಯೆ 189 ಮುಟ್ಟದಿದ್ದರೆ ಶಾಮಿಯಾನ ಅರ್ಧಕ್ಕೆ ಇಳಿಸಿ, ಶಾಲೆಯ ಬೆಂಚುಗಳನ್ನೇ ಬಳಸುವುದು. ಗುರುವಂದನೆಗೆ ಕೈ ಹಚ್ಚುವಂತಿಲ್ಲ. ಅಡುಗೆಯವರಿಗೆ ಮತ್ತು ಶಾಮಿಯಾನದವರಿಗೆ ಮುಂಗಡವಾಗಿ 20,000 ರೂ. ಸಾಮಾನ್ಯ ನಿಧಿಯಿಂದ. ಶುಲ್ಕ ಬಂದ ಕೂಡಲೇ ಅದು ವಾಪಸ್.

4. ವಿದ್ಯಾರ್ಥಿವೇತನ ನಿಧಿ

ಇವತ್ತು ಹೆಚ್ಚು ಹೊತ್ತು ಹಿಡಿದದ್ದು ಇದೇ.

ಗುರಿ 5 ಲಕ್ಷ ರೂ. ಮೂಲಧನ. ಅದನ್ನು ಠೇವಣಿ ಇಟ್ಟು ಬಡ್ಡಿಯನ್ನಷ್ಟೇ ಖರ್ಚು ಮಾಡುವುದು. ಶೇ. 6.5 ಬಡ್ಡಿ ಹಿಡಿದರೆ ವರ್ಷಕ್ಕೆ 32,500 ರೂ. ಅಂದರೆ ನಾಲ್ಕು ಮಕ್ಕಳಿಗೆ ತಲಾ 8,000. ಬಡ್ಡಿ ಇಳಿದರೆ ಮಕ್ಕಳ ಸಂಖ್ಯೆ ಇಳಿಸುವುದು, ಮೊತ್ತವನ್ನಲ್ಲ. ಒಟ್ಟು 1,85,000 ರೂ. ಕೊಡುತ್ತೇವೆಂದು ಮಾತು ಬಂದಿದೆ, ಕೈಗೆ ಬಂದಿರುವುದು ಮೇಲೆ ಹೇಳಿದ 60,000. ಮಾತು ಕೊಟ್ಟವರ ಪಟ್ಟಿ ಓದುವಾಗ ಸಭೆಯಲ್ಲಿದ್ದ ಇಬ್ಬರು ನೆಲ ನೋಡಿದರು. ಒಬ್ಬರು ಅಲ್ಲೇ ಫೋನಿನಲ್ಲಿ ಹಣ ಕಳಿಸಿದರು. ಈ 5,000 ರೂ. ಮೇಲಿನ ಲೆಕ್ಕದಲ್ಲಿ ಸೇರಿಲ್ಲ.

ಠೇವಣಿ ಇಟ್ಟ ಮೊದಲ ವರ್ಷ ಬಡ್ಡಿ ಕೈಗೆ ಬಂದಿರುವುದಿಲ್ಲ ಅಲ್ವಾ ಎಂದು 2011ರ ಬ್ಯಾಚಿನ ಪ್ರತಿನಿಧಿ ಕೇಳಿದರು. ಯಾರೂ ಯೋಚಿಸಿರಲಿಲ್ಲ. 2027ರ ಜೂನ್‌ಗೆ ಇಬ್ಬರು ಮಕ್ಕಳಿಗಾದರೂ ಕೊಡಲು 16,000 ರೂ. ಬೇರೆಯೇ ಎತ್ತುವುದು, ಮೂಲಧನ ಮುಟ್ಟುವುದಿಲ್ಲ.

ಯಾರಿಗೆ ಕೊಡಬೇಕು? ಶೇ. 85ಕ್ಕಿಂತ ಹೆಚ್ಚು ಅಂಕ ಕಡ್ಡಾಯ ಎಂದು ಕರಡಿನಲ್ಲಿತ್ತು. ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. ಅಷ್ಟು ಅಂಕ ತೆಗೆಯುವವರನ್ನು ಹುಡುಕಿಕೊಂಡು ಬರುವವರು ಬೇರೆ ಇದ್ದಾರೆ, ವಾರಕ್ಕೆರಡು ದಿನ ಕೆಲಸಕ್ಕೆ ಹೋಗಿ ಶಾಲೆ ತಪ್ಪಿಸುವ ಮಗುವಿಗೆ ಯಾರೂ ಇಲ್ಲ ಎಂದರು. ಅಂಕದ ಮಿತಿ ಕೈಬಿಡಲಾಯಿತು. ಮನೆಯ ಪರಿಸ್ಥಿತಿ ಮೊದಲು, ಓದಿನ ಆಸಕ್ತಿ ಆಮೇಲೆ.

ಸಮ್ಮಿಲನದ ವೇದಿಕೆಯಲ್ಲಿ ಮಕ್ಕಳಿಗೆ ಚೆಕ್ ಕೊಟ್ಟು ಫೋಟೋ ತೆಗೆಸಿದರೆ ದಾನಿಗಳು ಹೆಚ್ಚುತ್ತಾರೆ ಎಂಬ ಮಾತೂ ಬಂತು. 1994ರ ಬ್ಯಾಚಿನ ಪ್ರತಿನಿಧಿ ತಮ್ಮದೇ ಕಥೆ ಹೇಳಿದರು. ಎಂಟನೇ ತರಗತಿಯಲ್ಲಿ ಉಚಿತ ಪುಸ್ತಕ ಇಸಿದುಕೊಳ್ಳಲು ಅವರನ್ನು ಎಲ್ಲರೆದುರು ನಿಲ್ಲಿಸಿದ್ದರಂತೆ. "ಪುಸ್ತಕ ಯಾವುದು ಅಂತ ನೆನಪಿಲ್ಲ, ನಿಂತದ್ದು ನೆನಪಿದೆ." ಆಮೇಲೆ ಯಾರೂ ವಾದಿಸಲಿಲ್ಲ. ಹಣ ನೇರವಾಗಿ ಮಗುವಿನ ಬ್ಯಾಂಕ್ ಖಾತೆಗೆ: ಜೂನ್‌ನಲ್ಲಿ 5,000, ನವೆಂಬರ್‌ನಲ್ಲಿ 3,000. ಹೆಸರು ಎಲ್ಲೂ ಪ್ರಕಟಿಸುವುದಿಲ್ಲ.

ಆಯ್ಕೆ ಸಮಿತಿ: ಮುಖ್ಯೋಪಾಧ್ಯಾಯರು, ಒಬ್ಬ ಶಿಕ್ಷಕರು, ಸಂಘದ ಇಬ್ಬರು. ಸಂಬಂಧಿಕರ ಅರ್ಜಿ ಬಂದರೆ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು.

ಸಂಘಕ್ಕೆ ತೆರಿಗೆ ರಿಯಾಯಿತಿಯ ನೋಂದಣಿ ಇನ್ನೂ ಆಗಿಲ್ಲ. ಆಗುವವರೆಗೆ ಮನವಿ ಪತ್ರದಲ್ಲಿ ಆ ಮಾತು ಬರಬಾರದು.

5. ಕೆಲಸ ಹಂಚಿಕೆ

ನೋಂದಣಿ ಮತ್ತು ಸಂಪರ್ಕ 2011ರ ಬ್ಯಾಚಿನವರಿಗೆ. ಪ್ರತಿ ಸೋಮವಾರ ಸಂಖ್ಯೆಯನ್ನು ಗುಂಪಿಗೆ ಹಾಕಬೇಕು. ವಾಟ್ಸಾಪ್‌ನಲ್ಲಿ ಇಲ್ಲದ ಹಿರಿಯ ಬ್ಯಾಚುಗಳಿಗೆ ಫೋನ್ ಮಾಡುವುದು 1987ರವರ ಹೊಣೆ. ಗುರುಗಳನ್ನು ಕರೆಯಲು ಉಪಾಧ್ಯಕ್ಷರು ಮತ್ತು 1994ರ ಪ್ರತಿನಿಧಿ ಮನೆಗೇ ಹೋಗುತ್ತಾರೆ, ಅಕ್ಟೋಬರ್ ಮುಗಿಯುವುದರೊಳಗೆ. ನಡೆಯಲು ಕಷ್ಟವಿರುವ ಮೇಷ್ಟ್ರು, ಟೀಚರ್‌ಗಳನ್ನು ಕಾರಿನಲ್ಲಿ ಕರೆತಂದು ಬಿಡಲು ಸದ್ಯ ಮೂರು ಕಾರು ಸಿಕ್ಕಿವೆ, ಇನ್ನೆರಡು ಬೇಕು. ಊಟದ ಉಸ್ತುವಾರಿ ಮತ್ತು ಕೂಪನ್ 2004ರವರದು. ವೇದಿಕೆ, ಮೈಕ್ ಜಂಟಿ ಕಾರ್ಯದರ್ಶಿಯವರದು. ಭಾಷಣ ತಲಾ ಐದು ನಿಮಿಷ, ಮೀರಿದರೆ ಮೈಕ್ ಆಫ್ ಮಾಡುವ ಅಧಿಕಾರವನ್ನೂ ಅವರು ಕೇಳಿ ಪಡೆದುಕೊಂಡರು.

ಸಂಜೆಯ ಸ್ವಚ್ಛತೆಗೆ ಯಾರೂ ಕೈ ಎತ್ತಲಿಲ್ಲ. ಕೊನೆಗೆ ಖಜಾಂಚಿ ಒಪ್ಪಿಕೊಂಡರು, ಪ್ರತಿ ಬ್ಯಾಚಿನಿಂದ ಇಬ್ಬರು ಆರು ಗಂಟೆಯವರೆಗೆ ನಿಲ್ಲಬೇಕೆಂಬ ಷರತ್ತಿನ ಮೇಲೆ. ಹೆಸರುಗಳನ್ನು ಮುಂದಿನ ಸಭೆಗೆ ಕಡ್ಡಾಯವಾಗಿ ತರಬೇಕು.

6. ಮುಂದಿನ ಸಭೆ

6 ಸೆಪ್ಟೆಂಬರ್ 2026, ಭಾನುವಾರ, ಬೆಳಿಗ್ಗೆ 10.30, ಇದೇ ಕೊಠಡಿ. ಅಷ್ಟರೊಳಗೆ ಹೊಸ ಖಾತೆ ತೆರೆದಿರಬೇಕು, ಅಡುಗೆಯವರಿಂದ ಬರಹದಲ್ಲಿ ದರ ಬಂದಿರಬೇಕು. ಕೊಠಡಿಯ ಬೀಗದ ಕೈ ನನ್ನ ಹತ್ತಿರವೇ ಉಳಿದಿದೆ, ಸೋಮವಾರ ಶಾಲೆಗೆ ತಲುಪಿಸುತ್ತೇನೆ.

ಕಾರ್ಯದರ್ಶಿ
10 ಆಗಸ್ಟ್ 2026