ಚಿಕ್ಕಮ್ಮ, ಆ ‘ಬೇಡ ಬಿಡಿ’ ನಿಮಗಲ್ಲ

ಚಿಕ್ಕಮ್ಮ, ಬೆಳಿಗ್ಗೆ ನಾನು ಗ್ರೂಪಲ್ಲಿ ಹಾಕಿದ್ ‘ಬೇಡ ಬಿಡಿ, ಯಾರೂ ತಿನ್ನಲ್ಲ’ ಅನ್ನೋ ಮೆಸೇಜ್ ನಿಮ್ ಕಾಯೊಬ್ಬಟ್ಟಿಗೆ ಅಲ್ವೇ ಅಲ್ಲ!! ಭಾವ ಹಬ್ಬಕ್ಕೆ ಅಂಗಡಿಯಿಂದ ಜಾಮೂನು ತರಿಸ್ಲಾ ಅಂತ ಕೇಳಿದ್ರಲ್ಲ, ಅದಕ್ಕೆ ಟೈಪ್ ಮಾಡಿದ್ದು, ಆಗ ನಾನು ಮೆಟ್ರೋಲಿದ್ದೆ, ವಿಧಾನಸೌಧ ಹತ್ರ ನೆಟ್‌ವರ್ಕ್ ಹೋಗಿ ಗಡಿಯಾರದ ಗುರುತು ತೋರಿಸ್ತಾ ಕೂತಿತ್ತು, ಮೆಜೆಸ್ಟಿಕ್ ಬಂದ್ಮೇಲೆ ಹೋಗಿದೆ, ಅಷ್ಟರಲ್ಲಿ ನೀವು ‘ಕಾಯೊಬ್ಬಟ್ಟು ಮಾಡ್ಕೊಂಡು ಬರ್ತೀನಿ’ ಅಂತ ಹಾಕಿದ್ರಿ, ನಂದು ಸರಿಯಾಗಿ ಅದರ ಕೆಳಗೇ ಹೋಗಿ ಬಿದ್ದಿದೆ.

ಆಫೀಸಲ್ಲಿ ಫೋನ್ ನೋಡಿರ್ಲಿಲ್ಲ, ಮಧ್ಯಾಹ್ನ ಅಮ್ಮ ಫೋನ್ ಮಾಡಿ ಬೈದಾಗ್ಲೇ ಗೊತ್ತಾಗಿದ್ದು. ನೀವು ಬರೀ ‘ಸರಿ’ ಅಂತ ಹಾಕಿದ್ದು ನೋಡಿ ಹೊಟ್ಟೆಲಿ ಒಂಥರಾ ಆಯ್ತು. ರಿಪ್ಲೈ ಒತ್ತಿ ಹಾಕ್ಬೇಕಿತ್ತು, ತಪ್ಪು ನಂದೇ, ಸಾರಿ ಚಿಕ್ಕಮ್ಮ. ಭಾವ, ನಿಮಗೂ ‘ಯಾರೂ ತಿನ್ನಲ್ಲ’ ಅಂದಿದ್ದು ಸ್ವಲ್ಪ ಒರಟಾಯ್ತು, ಹೋದ್ಸಲ ಅರ್ಧ ಡಬ್ಬಿ ಹಾಗೇ ಉಳೀತಲ್ಲ ಅಂತ ಅಂದೆ ಅಷ್ಟೇ.

ಹೋದ್ ವರ್ಷ ಬಾಳೆಲೆ ಎತ್ತೋವರೆಗೂ ಒಬ್ಬಟ್ಟಿಗೆ ತುಪ್ಪ ಹಾಕಿಸ್ಕೊಂಡು ಕೂತಿದ್ದು ಯಾರು ಹೇಳಿ? ಈ ಸಲನೂ ಮಾಡ್ಕೊಂಡು ಬರ್ಲೇಬೇಕು. ತೆಂಗಿನಕಾಯಿ ನಾನೇ ತುರಿದು ಕೊಡ್ತೀನಿ, ಶನಿವಾರ ಸಂಜೆ ಮನೆಗೆ ಬರ್ತೀನಿ. ಇವತ್ತು ಸಂಜೆ ಫೋನೂ ಮಾಡ್ತೀನಿ, ಎತ್ತಿ ಪ್ಲೀಸ್ 🙏