ಬಿಲ್ ಜಾಸ್ತಿ ಬರುತ್ತಿರುವುದು ಮತ್ತು ಮೀಟರ್ ದೋಷದ ಬಗ್ಗೆ ದೂರು

ದಿನಾಂಕ: 12-09-2025

ಇವರಿಗೆ,
ಮುಖ್ಯ ಅಧಿಕಾರಿಗಳು,
ಗ್ರಾಹಕ ದೂರು ವಿಭಾಗ,
ವಿದ್ಯುತ್ ಸರಬರಾಜು ಕಂಪನಿ

ಗ್ರಾಹಕ ಸಂಖ್ಯೆ: 40718263
ಮೀಟರ್ ಸಂಖ್ಯೆ: 5590314 (ಮನೆ ಬಳಕೆ, ಸಿಂಗಲ್ ಫೇಸ್)

ವಿಷಯ: ಮೀಟರ್ ಪರೀಕ್ಷೆ ಮಾಡಿಸಿ, ಜೂನ್‌ನಿಂದ ಆಗಸ್ಟ್‌ವರೆಗಿನ ಬಿಲ್ ಸರಿಪಡಿಸುವ ಬಗ್ಗೆ

ಮಾನ್ಯರೇ,

ನಮ್ಮ ಮನೆಯ ಬಿಲ್ ಮೂರು ತಿಂಗಳಿಂದ ಎರಡು ಪಟ್ಟಿಗಿಂತ ಜಾಸ್ತಿ ಬರುತ್ತಿದೆ. ಇದಕ್ಕೆ ಮೀಟರೇ ಕಾರಣ ಎಂದು ನನಗೆ ಅನ್ನಿಸಿದೆ. ಸುಮ್ನೆ ಅನ್ನಿಸಿದ್ದಲ್ಲ, ನಾನೇ ಕೂತು ಎಣಿಸಿ ನೋಡಿದ್ದೇನೆ.

ಮಾರ್ಚ್‌ನಲ್ಲಿ 121 ಯೂನಿಟ್, ಏಪ್ರಿಲ್‌ನಲ್ಲಿ 117, ಮೇನಲ್ಲಿ 119 ಬಂದಿತ್ತು. ಜೂನ್‌ನಲ್ಲಿ ಒಮ್ಮೆಲೇ 284 ಆಯಿತು. ಜುಲೈನಲ್ಲಿ 291, ಆಗಸ್ಟ್‌ನಲ್ಲಿ 288. ಮಳೆ ಬಿಸಿಲಿನ ವ್ಯತ್ಯಾಸ ಇರಬಹುದೇನೋ ಎಂದು ಹೋದ ವರ್ಷದ ಬಿಲ್ ಹುಡುಕಿ ನೋಡಿದೆ. ಇದೇ ಮೂರು ತಿಂಗಳಲ್ಲಿ 116, 120 ಮತ್ತು 118 ಇತ್ತು. ಮನೆಯಲ್ಲಿ ಆಗಲೂ ಈಗಲೂ ನಾನು ಮತ್ತು ಅಮ್ಮ ಇಬ್ಬರೇ. ಹೊಸದಾಗಿ ಒಂದು ಬಲ್ಬನ್ನೂ ಹಾಕಿಸಿಲ್ಲ.

ಮೇ ಕೊನೆಯ ವಾರ ಒಂದು ಸಂಜೆ ಕರೆಂಟ್ ಜೋರಾಗಿ ಏರಿ ಇಳಿದು ನಮ್ಮ ಎರಡು ಬಲ್ಬ್ ಸುಟ್ಟು ಹೋದವು. ಬಿಲ್ ಏರಿದ್ದು ಅದಾದ ಮೇಲೆಯೇ. ಮೀಟರ್ ಕೆಟ್ಟಿದ್ದು ಅದರಿಂದಲೇ ಎಂದು ನಾನು ಹೇಳಲಾರೆ. ಆದರೆ ಪರೀಕ್ಷೆ ಮಾಡುವವರಿಗೆ ಇದು ಗೊತ್ತಿರಬೇಕು.

ಜುಲೈನಲ್ಲಿ ಫೋನ್ ಮಾಡಿ ದೂರು ಕೊಟ್ಟಿದ್ದೆ. ನಿಮ್ಮ ಸಿಬ್ಬಂದಿಯೊಬ್ಬರು ಬಂದು ಮೀಟರಿನ ಅಂಕಿಯನ್ನು ಬಿಲ್‌ನ ಅಂಕಿಯ ಜೊತೆ ತಾಳೆ ನೋಡಿದರು. "ರೀಡಿಂಗ್ ಸರಿಯಾಗಿದೆ" ಎಂದು ಹೇಳಿ ಹೋದರು. ರೀಡಿಂಗ್ ಸರಿಯಾಗಿದೆ ಎಂದು ನಾನೂ ಒಪ್ಪುತ್ತೇನೆ. ಮೇ ಕೊನೆಗೆ 18,462 ಇದ್ದದ್ದು ಆಗಸ್ಟ್ ಕೊನೆಗೆ 19,325 ಆಗಿದೆ, ಬಿಲ್‌ನಲ್ಲೂ ಅದೇ ಇದೆ. ಓದಿದವರ ತಪ್ಪಲ್ಲ ಇದು. ಮೀಟರ್ ಎಣಿಸುವುದೇ ತಪ್ಪಾಗಿದೆ. ಅಂಕಿ ತಾಳೆ ನೋಡಿದರೆ ಈ ದೋಷ ಯಾವತ್ತೂ ಸಿಗುವುದಿಲ್ಲ, ಅಲ್ವಾ?

ಹಾಗಾಗಿ ಎರಡು ರೀತಿ ಪರೀಕ್ಷೆ ಮಾಡಿದೆ. ಮೊದಲು ಮೇನ್ ಸ್ವಿಚ್ ಆರಿಸಿ ಮೀಟರಿನ ಕೆಂಪು ದೀಪವನ್ನು ಅರ್ಧ ಗಂಟೆ ನೋಡಿದೆ. ಮನೆಯೊಳಗೆ ಏನೂ ನಡೆಯುತ್ತಿರಲಿಲ್ಲ. ಆದರೂ ದೀಪ 15 ಸಲ ಮಿನುಗಿತು. ಮೀಟರಿನ ಮೇಲೆ 1 ಯೂನಿಟ್‌ಗೆ 1600 ಮಿನುಗು ಎಂದು ಬರೆದಿದೆ. ಆ ಲೆಕ್ಕದಲ್ಲಿ ಏನೂ ಬಳಸದೆಯೇ ತಿಂಗಳಿಗೆ ಸುಮಾರು 13.5 ಯೂನಿಟ್ ಏರುತ್ತದೆ.

ಆಮೇಲೆ ಬೇರೆಲ್ಲ ಆರಿಸಿ, ನೀರು ಕಾಯಿಸುವ 1000 ವ್ಯಾಟ್ ಕಾಯಿಲ್ ಒಂದನ್ನೇ ಸರಿಯಾಗಿ 6 ನಿಮಿಷ ಇಟ್ಟೆ. ಗಂಟೆಗೆ 1 ಯೂನಿಟ್ ಆದರೆ 6 ನಿಮಿಷಕ್ಕೆ 0.1 ಯೂನಿಟ್, ಅಂದರೆ 160 ಮಿನುಗು. ದೀಪ ಮಿನುಗಿದ್ದು 368 ಸಲ! ವೋಲ್ಟೇಜ್ ಹೆಚ್ಚುಕಮ್ಮಿಯಾದರೆ ಸ್ವಲ್ಪ ಬದಲಾಗಬಹುದು, ಆದರೆ ಎರಡು ಪಟ್ಟು ದಾಟುವುದಿಲ್ಲ. ಎರಡೂ ಪರೀಕ್ಷೆಯ ವಿಡಿಯೋ ನನ್ನ ಹತ್ತಿರ ಇದೆ. ಮೀಟರಿಗೂ ಮೇನ್ ಸ್ವಿಚ್‌ಗೂ ನಡುವೆ ಬೇರೆ ವೈರ್ ಏನೂ ಕಾಣುವುದಿಲ್ಲ. ಅದನ್ನೂ ನೀವೇ ನೋಡಿಬಿಡಿ. ಸೀಲ್ ಇರುವುದರಿಂದ ನಾನು ಏನನ್ನೂ ಮುಟ್ಟಿಲ್ಲ.

ದಯವಿಟ್ಟು ನಮ್ಮ ಮೀಟರಿನ ಜೊತೆ ಒಂದು ಪರೀಕ್ಷಾ ಮೀಟರ್ ಕೂಡಿಸಿ ಕೆಲವು ದಿನ ಬಿಡಿ. ಎರಡರ ಲೆಕ್ಕ ಪಕ್ಕಪಕ್ಕ ಸಿಕ್ಕರೆ ವಾದವೇ ಇರುವುದಿಲ್ಲ. ಕೂಡಿಸುವಾಗಲೂ ಬಿಚ್ಚುವಾಗಲೂ ನಾನು ಎದುರಿಗಿರಬೇಕು, ವರದಿಯ ಪ್ರತಿ ನನಗೂ ಬೇಕು. ದೋಷ ಕಂಡುಬಂದರೆ ಮೀಟರ್ ಬದಲಿಸಿ, ಮೂರೂ ಬಿಲ್ ಸರಿಪಡಿಸಿ. ನಿಮ್ಮ ಬಿಲ್ ಪ್ರಕಾರ ಮೂರು ತಿಂಗಳಿಗೆ 863 ಯೂನಿಟ್. ಅದರ ಹಿಂದಿನ ಮೂರು ತಿಂಗಳು ಸೇರಿದರೆ 357. ಉಳಿದ 506 ಯೂನಿಟ್‌ಗೆ ಕಟ್ಟಿದ ಹಣವನ್ನು ಮುಂದಿನ ಬಿಲ್‌ಗಳಲ್ಲಿ ಕಳೆಯಿರಿ. ಮೀಟರ್ ಸರಿಯಾಗಿಯೇ ಇದೆ ಎಂದು ವರದಿ ಬಂದರೆ ಒಂದು ಯೂನಿಟ್ಟೂ ಬಿಡದೆ ಕಟ್ಟುತ್ತೇನೆ.

ಜೂನ್‌ನಿಂದ ಆಗಸ್ಟ್‌ವರೆಗಿನ ಬಿಲ್ ಪೂರ್ತಿ ಕಟ್ಟಿದ್ದೇನೆ, ಬಾಕಿ ಇಲ್ಲ. ಪರೀಕ್ಷೆ ಮುಗಿಯುವವರೆಗೆ ತಿಂಗಳಿಗೆ 119 ಯೂನಿಟ್ ಲೆಕ್ಕದಲ್ಲಿ ಕಟ್ಟಲು ಅವಕಾಶ ಕೊಡಿ. ಅಲ್ಲಿಯವರೆಗೆ ದಂಡ ಹಾಕಬೇಡಿ, ಕರೆಂಟ್ ಕಡಿಯಬೇಡಿ.

ಇನ್ನೊಂದು ಮಾತು ಹೇಳಲೇಬೇಕು. ಅಮ್ಮನಿಗೆ ಎಪ್ಪತ್ತೆರಡು ವರ್ಷ. ಬಿಲ್‌ಗೆ ಹೆದರಿ ರಾತ್ರಿ ಫ್ಯಾನ್ ಆರಿಸಿ ಮಲಗುತ್ತಿದ್ದಾರೆ. ಬೇಡ ಅಂದರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬೇಗ ನೋಡಿ ಎಂದು ಕೇಳುತ್ತಿದ್ದೇನೆ.

ದೂರಿನ ಸಂಖ್ಯೆಯನ್ನೂ ಸಿಬ್ಬಂದಿ ಬರುವ ದಿನವನ್ನೂ ಬರಹದಲ್ಲಿ ತಿಳಿಸಿ. ಶನಿವಾರ ಇಡೀ ದಿನ, ಉಳಿದ ದಿನ ಸಂಜೆ 5ರ ಮೇಲೆ ಮನೆಯಲ್ಲಿರುತ್ತೇನೆ. ಒಂದು ವರ್ಷದ ಬಿಲ್‌ಗಳ ಪ್ರತಿ ಮತ್ತು ಮೀಟರಿನ ಫೋಟೋ ಜೊತೆಗಿಟ್ಟಿದ್ದೇನೆ.

ವಂದನೆಗಳೊಂದಿಗೆ,
ನಿಮ್ಮ ಗ್ರಾಹಕಿ
(ಗ್ರಾಹಕ ಸಂಖ್ಯೆ 40718263)